ಡಿಗ್ರಿಗೆ ಶೇಕಡಾ ಆರು: ಎಸಿ ಉಳಿತಾಯದ ಲೆಕ್ಕ ಎಲ್ಲಿ ಸರಿ, ಎಲ್ಲಿ ತಪ್ಪು

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಯಾವ ಎಸಿ ಅಂಗಡಿಗೆ ಹೋದರೂ ಕೇಳಿಬರುವ ಮಾತು ಒಂದಿದೆ: "ಒಂದು ಡಿಗ್ರಿ ಏರಿಸಿದ್ರೆ ಆರು ಪರ್ಸೆಂಟ್ ಕರೆಂಟ್ ಉಳಿಯುತ್ತೆ ಸಾರ್." ಇದು ಅಂಗಡಿಯವರು ಹುಟ್ಟುಹಾಕಿದ ಮಾತಲ್ಲ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ, ಅಂದರೆ ಎಸಿ-ಫ್ರಿಜ್‌ಗಳ ಮೇಲೆ ಸ್ಟಾರ್ ಚೀಟಿ ಅಂಟಿಸುವ ಸಂಸ್ಥೆ, 2018ರಿಂದ ಹೇಳುತ್ತಾ ಬಂದ ಸಂಖ್ಯೆ. 2020ರ ಜನವರಿಯಿಂದ ಸ್ಟಾರ್ ಗುರುತಿನ ರೂಮ್ ಎಸಿಗಳೆಲ್ಲ 24 ಡಿಗ್ರಿಯನ್ನೇ ಡೀಫಾಲ್ಟ್ ಆಗಿ ಇಟ್ಟುಕೊಂಡು ಬರಬೇಕು ಎಂಬ ನಿಯಮದ ಹಿಂದೆಯೂ ಇದೇ ಲೆಕ್ಕವಿದೆ.

ಸಂಖ್ಯೆ ಸುಳ್ಳಲ್ಲ. ಆದರೆ ಅದನ್ನು ಗುಣಿಸುತ್ತಾ ಹೋದರೆ ದಾರಿ ತಪ್ಪುತ್ತದೆ. ರಿಮೋಟಿನಲ್ಲಿ 16ರಿಂದ 30ರವರೆಗೆ ಹದಿನಾಲ್ಕು ಡಿಗ್ರಿ ಇದೆ. ಹದಿನಾಲ್ಕು ಆರಲಿ ಎಂಬತ್ನಾಲ್ಕು. ಇನ್ನು ಮೂರು ಡಿಗ್ರಿ ಇದ್ದಿದ್ದರೆ ನೂರು ದಾಟಿ, ಬೆಸ್ಕಾಂನವರೇ ನಮಗೆ ಕೊಡಬೇಕಾಗಿ ಬರುತ್ತಿತ್ತು! ಕೆಲವರು ಇದನ್ನು ಚಕ್ರಬಡ್ಡಿಯ ಥರ ಲೆಕ್ಕ ಹಾಕುತ್ತಾರೆ: ಪ್ರತಿ ಡಿಗ್ರಿಗೆ ಉಳಿದದ್ದರಲ್ಲಿ ಶೇಕಡಾ 6. ಹಾಗೆ ಮಾಡಿದರೆ ನಾಲ್ಕು ಡಿಗ್ರಿಗೆ 24ರ ಬದಲು ಸುಮಾರು 22 ಬರುತ್ತದೆ. ನೋಡಲು ಹೆಚ್ಚು ಶಾಸ್ತ್ರೀಯ ಅನಿಸಿದರೂ ಎಸಿ ಹಾಗೂ ನಡೆದುಕೊಳ್ಳುವುದಿಲ್ಲ.

ಎಸಿ ತಣ್ಣಗೆ ಮಾಡುತ್ತದೆ ಅನ್ನುವುದಕ್ಕಿಂತ, ಒಳಗೆ ಬಂದ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ ಅನ್ನುವುದು ಸರಿ. ಹಾಗಾಗಿ ಮೊದಲು ನೋಡಬೇಕಾದ್ದು ಶಾಖ ಎಷ್ಟು ಒಳಗೆ ಬರುತ್ತದೆ ಎಂಬುದನ್ನು. ಅದರಲ್ಲಿ ಎರಡು ಭಾಗ. ತಾರಸಿ, ಗೋಡೆ, ಕಿಟಕಿ, ಬಾಗಿಲ ಸಂದಿಯಿಂದ ಬರುವುದು ಒಂದು. ಇದು ಹೊರಗಿನ ಬಿಸಿಗೂ ಒಳಗಿನ ತಂಪಿಗೂ ಇರುವ ಅಂತರಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ಇನ್ನೊಂದು ಒಳಗೇ ಹುಟ್ಟುವುದು: ಮಲಗಿದವರ ಮೈಬಿಸಿ, ಟಿವಿ, ಲೈಟು, ಗಾಳಿಯಲ್ಲಿರುವ ತೇವ. ಇದಕ್ಕೆ ನೀವು ರಿಮೋಟಿನಲ್ಲಿ ಏನು ಒತ್ತಿದಿರಿ ಎಂಬುದು ಹೆಚ್ಚುಕಡಿಮೆ ಲೆಕ್ಕಕ್ಕೇ ಇಲ್ಲ.

ಜೊತೆಗೆ ಶಾಖವನ್ನು ಎಷ್ಟು ಎತ್ತರಕ್ಕೆ ಎತ್ತಬೇಕು ಎಂಬುದೂ ಇದೆ. ಇದು ನಮ್ಮ ಕಡೆಯವರಿಗೆ ಬೋರ್‌ವೆಲ್‌ನಿಂದ ಚೆನ್ನಾಗಿ ಗೊತ್ತು. ಐನೂರು ಅಡಿಯಿಂದ ಒಂದು ಟ್ಯಾಂಕ್ ನೀರೆತ್ತುವುದಕ್ಕೂ ಇನ್ನೂರು ಅಡಿಯಿಂದ ಎತ್ತುವುದಕ್ಕೂ ಕರೆಂಟು ಒಂದೇ ಆಗುವುದಿಲ್ಲ. ರೂಮನ್ನು 20ರಲ್ಲಿ ಇಡಲು ಒಳಗಿನ ಕಾಯಿಲ್ ಇನ್ನೂ ತಣ್ಣಗಿರಬೇಕು, ಆಗ ಒಳಗಿನ ಕಾಯಿಲಿಗೂ ಹೊರಗಿನ ಕಾಯಿಲಿಗೂ ಅಂತರ ಹೆಚ್ಚುತ್ತದೆ, ಕಂಪ್ರೆಸರ್ ಹೆಚ್ಚು ಏದುತ್ತದೆ. ಸೆಟ್ಟಿಂಗ್ ಒಂದು ಡಿಗ್ರಿ ಮೇಲೆ ಹೋದರೆ ಅದೇ ಶಾಖವನ್ನು ಎತ್ತಲು ಶೇಕಡಾ ಎರಡು-ಮೂರರಷ್ಟು ಕರೆಂಟು ಕಡಿಮೆ ಸಾಕು. ಅಂದರೆ ಡಿಗ್ರಿ ಏರಿಸಿದಾಗ ಎತ್ತಬೇಕಾದ ನೀರೂ ಕಡಿಮೆ, ಎತ್ತುವ ಆಳವೂ ಕಡಿಮೆ. ಎರಡೂ ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ, ಸರಳರೇಖೆ ಮೊದಲು ಬಾಗುವುದೇ ಇಲ್ಲಿ.

ಒಂದು ರೂಮನ್ನು ಹಿಡಿದು ಲೆಕ್ಕ ಮಾಡೋಣ. ತುಮಕೂರಿನ ಯಾವುದಾದರೂ ಬಡಾವಣೆಯ ಮೋಲ್ಡ್ ಮನೆ, ಮೇಲಿನ ಮಹಡಿ, ಹತ್ತಕ್ಕೆ ಹನ್ನೆರಡು ಅಡಿಯ ಮಲಗುವ ಕೋಣೆ, ಒಂದು ಟನ್ ಇನ್ವರ್ಟರ್ ಎಸಿ. ಎರಡು ಗೋಡೆ ಬಯಲಿಗೆ ತೆರೆದಿವೆ, ತಾರಸಿಗೆ ಯಾವ ಹೊದಿಕೆಯೂ ಇಲ್ಲ. ಇಂಥ ರೂಮಿಗೆ ಒಂದು ಡಿಗ್ರಿ ಅಂತರಕ್ಕೆ ಸುಮಾರು 100 ವ್ಯಾಟ್ ಶಾಖ ನುಗ್ಗುತ್ತದೆ ಎಂದಿಟ್ಟುಕೊಳ್ಳಿ. ಒಳಗೆ ಹುಟ್ಟುವುದು 300 ವ್ಯಾಟ್. ಏಪ್ರಿಲ್ ರಾತ್ರಿ ಹತ್ತೂವರೆ. ಹೊರಗೆ ಗಾಳಿ ತಣ್ಣಗಾಗಿದ್ದರೂ ಹಗಲೆಲ್ಲ ಬಿಸಿಲು ಕುಡಿದ ತಾರಸಿ, ಗೋಡೆಗಳು ಇನ್ನೂ ಕಾವು ಬಿಡುತ್ತಿವೆ. ರೂಮಿನ ಸುತ್ತ ಒಟ್ಟಾರೆ 33 ಡಿಗ್ರಿ ಇದ್ದಂತೆ. 20ರಲ್ಲಿ ಎಸಿ ಒಂದು ವ್ಯಾಟ್ ಕರೆಂಟಿಗೆ 3.2 ವ್ಯಾಟ್ ಶಾಖ ಎತ್ತುತ್ತದೆ, ಅಲ್ಲಿಂದ ಪ್ರತಿ ಡಿಗ್ರಿಗೆ ಶೇಕಡಾ 2ರಂತೆ ಉತ್ತಮವಾಗುತ್ತದೆ ಎಂದುಕೊಂಡರೆ:

| ಸೆಟ್ಟಿಂಗ್ | ಎತ್ತಬೇಕಾದ ಶಾಖ (ವ್ಯಾಟ್) | ಕರೆಂಟು (ವ್ಯಾಟ್) |
|---|---|---|
| 20 | 1600 | 500 |
| 22 | 1400 | 420 |
| 24 | 1200 | 347 |
| 26 | 1000 | 278 |
| 28 | 800 | 214 |

ಬಲತುದಿಯ ಕಾಲಮ್ಮನ್ನು ಮೇಲಿನಿಂದ ಕೆಳಗೆ ಓದಿ. 20ರಿಂದ 22ಕ್ಕೆ ಹೋದಾಗ 80 ವ್ಯಾಟ್ ಉಳಿಯಿತು, 22ರಿಂದ 24ಕ್ಕೆ 73, ಆಮೇಲೆ 69, ಕೊನೆಗೆ 64. ಪ್ರತಿ ಎರಡು ಡಿಗ್ರಿಗೆ ಉಳಿಯುವ ಕರೆಂಟು ಇಳಿಯುತ್ತಿದೆ. ಈಗ ಅದನ್ನೇ ಶೇಕಡಾವಾರು ನೋಡಿ: 16, 17, 20, 23. ಏರುತ್ತಿದೆ! ಎರಡೂ ನಿಜ. ಶೇಕಡಾ ಲೆಕ್ಕಕ್ಕೆ ಕೆಳಗಿನ ಛೇದವೇ ಪ್ರತಿ ಮೆಟ್ಟಿಲಿಗೆ ಚಿಕ್ಕದಾಗುತ್ತಾ ಹೋಗುತ್ತದೆ, ಅಷ್ಟೆ. 24ರಲ್ಲಿ ಇಟ್ಟವನು ಈಗಾಗಲೇ ಕಡಿಮೆ ಸುಡುತ್ತಿದ್ದಾನೆ, ಅವನಿಗೆ 69 ವ್ಯಾಟ್ ಅಂದರೆ ದೊಡ್ಡ ಪಾಲು. "ಶೇಕಡಾ ಇಷ್ಟು" ಎಂದು ಯಾರಾದರೂ ಹೇಳಿದಾಗ ಯಾವ ಡಿಗ್ರಿಯಿಂದ ಶುರುವಾಗಿ, ಯಾವುದರಲ್ಲಿ ಶೇಕಡಾ ಎಂದು ಕೇಳಬೇಕಾದ್ದು ಇದಕ್ಕೇ.

ಅದೇ ರೂಮು, ಮಧ್ಯಾಹ್ನ ಮೂರು ಗಂಟೆ. ತಾರಸಿ ಸುಡುತ್ತಿದೆ, ಪಶ್ಚಿಮದ ಗೋಡೆಗೆ ಬಿಸಿಲು ಹೊಡೆಯುತ್ತಿದೆ. ಸುತ್ತ 41 ಡಿಗ್ರಿ ಇದ್ದಂತೆ. ಹೊರಗಿನ ಯೂನಿಟ್ಟಿಗೂ ಬಿಸಿಗಾಳಿಯೇ ಸಿಗುವುದರಿಂದ 24ರಲ್ಲಿ ಒಂದು ವ್ಯಾಟಿಗೆ 3 ವ್ಯಾಟ್ ಶಾಖ ಮಾತ್ರ ಎತ್ತುತ್ತದೆ. 24ರಲ್ಲಿ 667 ವ್ಯಾಟ್ ಕರೆಂಟು ಬೇಕು, 26ರಲ್ಲಿ 577. ಉಳಿದದ್ದು 90 ವ್ಯಾಟ್, ಶೇಕಡಾ 13.5. ಡಿಗ್ರಿಗೆ ಸುಮಾರು ಆರೂಮುಕ್ಕಾಲು, ಬ್ಯೂರೋ ಹೇಳುವ ಆರಕ್ಕೆ ಹತ್ತಿರ. ಬೆಳಗಿನ ಜಾವ ನಾಲ್ಕಕ್ಕೆ ಬನ್ನಿ, ಸುತ್ತ 28ಕ್ಕೆ ಇಳಿದಿರುತ್ತದೆ. ಅದೇ 24ರಿಂದ 26ಕ್ಕೆ ಹೋದರೆ 202 ವ್ಯಾಟ್ ಇದ್ದದ್ದು 139 ಆಗುತ್ತದೆ: ಶೇಕಡಾ 31 ಉಳಿತಾಯ, ಆದರೆ ಬರೀ 63 ವ್ಯಾಟ್. ಶೇಕಡಾ ದೊಡ್ಡದಾಗಿ ಕಾಣುವ ಹೊತ್ತಿನಲ್ಲಿ ದುಡ್ಡು ಉಳಿಯುವುದು ಕಡಿಮೆ, ದುಡ್ಡು ಉಳಿಯುವ ಹೊತ್ತಿನಲ್ಲಿ ಶೇಕಡಾ ಚಿಕ್ಕದು. ಜಾಹೀರಾತಿನವರು ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಲೆಕ್ಕ ಹಿಡಿಯುವುದು ಎಸಿ ತಾನು ಹೇಳಿದ ಡಿಗ್ರಿಯನ್ನು ಮುಟ್ಟುತ್ತಿದ್ದರೆ ಮಾತ್ರ. ನಡುಮನೆಗೆ ಒಂದು ಟನ್ ಹಾಕಿಸಿ, ಅಡುಗೆಮನೆಯ ಬಾಗಿಲು ತೆರೆದಿಟ್ಟು, 18ಕ್ಕೆ ಒತ್ತಿ ಕೂತರೆ ಆ ಎಸಿ ಸಂಜೆಯವರೆಗೂ ಪೂರ್ತಿ ಶಕ್ತಿಯಲ್ಲೇ ಓಡುತ್ತದೆ, ರೂಮು 26ರ ಕೆಳಗೆ ಇಳಿಯುವುದೇ ಇಲ್ಲ. ಅಂಥದ್ದನ್ನು 18ರಿಂದ 21ಕ್ಕೆ ಏರಿಸಿದರೆ ಉಳಿತಾಯ ಸೊನ್ನೆ. 22, 23 ಅಂದರೂ ಸೊನ್ನೆ. 26 ದಾಟಿದ ಮೇಲೆ ಒಮ್ಮೆಗೇ ಉಳಿತಾಯ ಶುರುವಾಗುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ಗೋಡೆ ಗಡಿಯಾರದಂಥ ಅಗ್ಗದ ಥರ್ಮಾಮೀಟರನ್ನು ಮಂಚದ ಎತ್ತರದಲ್ಲಿಡಿ. ಎರಡು ಗಂಟೆ ಓಡಿದ ಮೇಲೂ ಅದು ರಿಮೋಟಿಗಿಂತ ಮೂರು ನಾಲ್ಕು ಡಿಗ್ರಿ ಮೇಲೆಯೇ ಇದ್ದು, ಹೊರಗಿನ ಯೂನಿಟ್ ಒಂದೇ ಸಮನೆ ಮೊರೆಯುತ್ತಿದ್ದರೆ ನೀವು ಆ ಸೊನ್ನೆಯ ವಲಯದಲ್ಲಿದ್ದೀರಿ. ಫಿಲ್ಟರ್ ಧೂಳು ಕಟ್ಟಿದ್ದರೂ ಗ್ಯಾಸ್ ಕಡಿಮೆಯಾಗಿದ್ದರೂ ಹೀಗೇ ಆಗುತ್ತದೆ, ಆದ್ದರಿಂದ ಮೊದಲು ಫಿಲ್ಟರ್ ತೊಳೆದು ನೋಡಿ.

ಇನ್ನೊಂದು ತುದಿಯಲ್ಲೂ ರೇಖೆ ಮುರಿಯುತ್ತದೆ. ಇನ್ವರ್ಟರ್ ಕಂಪ್ರೆಸರ್ ನಿಧಾನವಾಗಿ ಓಡುವಾಗ ಹೆಚ್ಚು ದಕ್ಷ. ಹಾಗಾಗಿ ನಡುವಿನ ಡಿಗ್ರಿಗಳಲ್ಲಿ ನಮ್ಮ ಪಟ್ಟಿಗಿಂತಲೂ ಒಳ್ಳೆಯ ಉಳಿತಾಯ ಸಿಗಬಹುದು. ಆದರೆ ಅದಕ್ಕೂ ಒಂದು ಕನಿಷ್ಠ ವೇಗವಿದೆ. ಅದಕ್ಕಿಂತ ಕಡಿಮೆ ಕೆಲಸ ಬಂದರೆ ಹಳೆಯ ಎಸಿಯ ಹಾಗೆ ನಿಂತು, ಮತ್ತೆ ಶುರುವಾಗಿ, ಮತ್ತೆ ನಿಲ್ಲುತ್ತದೆ, ಅಲ್ಲಿಗೆ ಆ ಲಾಭ ಮುಗಿಯಿತು.

ಫ್ಯಾನಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ 26ಕ್ಕೆ ಏರಿಸಿ ಎನ್ನುವವರೆಲ್ಲ ಜೊತೆಗೆ "ಫ್ಯಾನ್ ಹಾಕಿಕೊಳ್ಳಿ" ಎನ್ನುತ್ತಾರೆ. ಗಾಳಿ ಆಡಿದರೆ ಎರಡು ಡಿಗ್ರಿಯ ವ್ಯತ್ಯಾಸ ಮೈಗೆ ತಿಳಿಯುವುದಿಲ್ಲ, ನಿಜ. ಆದರೆ ಹಳೆಯ ಸೀಲಿಂಗ್ ಫ್ಯಾನು ಪೂರ್ತಿ ವೇಗದಲ್ಲಿ 75 ವ್ಯಾಟ್ ತಿನ್ನುತ್ತದೆ. ನಮ್ಮ ಪಟ್ಟಿಯಲ್ಲಿ 24ರಿಂದ 26ಕ್ಕೆ ಉಳಿದದ್ದು 69! ಮೇಲಾಗಿ ಆ 75 ವ್ಯಾಟ್ ಕೊನೆಗೆ ಶಾಖವಾಗಿ ಅದೇ ರೂಮಿನಲ್ಲಿ ಉಳಿಯುತ್ತದೆ, ಅದನ್ನೂ ಎಸಿಯೇ ಎತ್ತಿ ಹಾಕಬೇಕು. ಮೊದಲಿಂದಲೂ ಫ್ಯಾನ್ ಓಡಿಸುತ್ತಿದ್ದವರಿಗೆ ಇದು ಹೊಸ ಖರ್ಚಲ್ಲ. ಎಸಿಗಾಗಿ ಫ್ಯಾನ್ ನಿಲ್ಲಿಸಿದ್ದವರು ಈಗ ಹಾಕುವುದಾದರೆ 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನ್ ಆಗಿರಬೇಕು, ಇಲ್ಲವೇ ಹಳೆಯದನ್ನು ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಕಡಿಮೆ ವೇಗಕ್ಕೆ ಇಳಿಸಿರಬೇಕು. ಡಬ್ಬದಂಥ ಹಳೆಯ ರೆಗ್ಯುಲೇಟರ್ ಇದ್ದರೆ ವೇಗ ಇಳಿಸಿದರೂ ಕರೆಂಟಿನ ಒಂದಷ್ಟು ಭಾಗ ಅದರಲ್ಲೇ ಬಿಸಿಯಾಗಿ ಹೋಗುತ್ತದೆ.

ನಿಮ್ಮ ಮನೆಯ ಸಂಖ್ಯೆ ಬೇಕಾದರೆ 16 ಆಂಪ್ ಪ್ಲಗ್ಗಿಗೆ ಹಾಕುವ ಎನರ್ಜಿ ಮೀಟರ್ ಸಿಗುತ್ತದೆ. ಅದಿಲ್ಲದಿದ್ದರೆ ಮನೆ ಮುಂದಿನ ಬೆಸ್ಕಾಂ ಮೀಟರಿನಲ್ಲೇ ಮಲಗುವಾಗೊಮ್ಮೆ, ಎದ್ದಾಗೊಮ್ಮೆ ಓದಿ. ಗೀಸರ್ ಹಾಕುವ ಮೊದಲೇ ಓದಬೇಕು. ಒಂದು ರಾತ್ರಿ 24, ಮರುರಾತ್ರಿ 26, ಮತ್ತೆ 24 ಎಂದು ಬದಲಿಸುತ್ತಾ ಒಂದೆರಡು ವಾರ ನೋಡಿ. ಈ ವಾರವೆಲ್ಲ 24, ಮುಂದಿನ ವಾರವೆಲ್ಲ 26 ಎಂದರೆ ನಡುವೆ ಒಂದು ಮಳೆ ಬಂದು ತಾರಸಿ ತಣಿಸಿಬಿಡುತ್ತದೆ, ಉಳಿತಾಯದ ಹೆಸರು ನಿಮಗೆ, ಕೆಲಸ ಮಳೆಯದು.

ರಾತ್ರಿಗೆ ಎಂಟು ಗಂಟೆ ಓಡುವ ನಮ್ಮ ರೂಮಿನಲ್ಲಿ 24ರಿಂದ 26ಕ್ಕೆ ಹೋದರೆ ಅರ್ಧ ಯೂನಿಟ್ಟಿನಷ್ಟು, ತಿಂಗಳಿಗೆ ಸುಮಾರು 16 ಯೂನಿಟ್ ಉಳಿಯುತ್ತದೆ. ದುಡ್ಡಿನಲ್ಲಿ ನೂರು ರೂಪಾಯಿಯ ಆಸುಪಾಸು. ಆದರೆ ಗೃಹಜ್ಯೋತಿಯಲ್ಲಿರುವ ಮನೆಗೆ ಇಲ್ಲೊಂದು ಮೆಟ್ಟಿಲಿದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ದಾಟದಿದ್ದರೆ ಆ ಮನೆಗೆ ನಿಗದಿಯಾದ ಉಚಿತ ಯೂನಿಟ್‌ಗಿಂತ ಹೆಚ್ಚಾದದ್ದಕ್ಕೆ ಮಾತ್ರ. ಏಪ್ರಿಲ್‌ನಲ್ಲಿ 205ಕ್ಕೆ ಬಂದು ನಿಲ್ಲುವ ಮನೆ ಅದೇ 16 ಯೂನಿಟ್ ಉಳಿಸಿ 189ಕ್ಕೆ ಇಳಿದರೆ, ಬಿಲ್ಲಿನಲ್ಲಿ ಇಳಿಯುವುದು ಆ 16 ಯೂನಿಟ್ಟಿನ ಬೆಲೆ ಮಾತ್ರವಲ್ಲ, ಉಚಿತ ಯೂನಿಟ್‌ಗಳ ಬೆಲೆಯೂ ಅದರ ಜೊತೆಗೇ ಹೋಗುತ್ತದೆ.