ನಿರ್ದೇಶಕರ ತಮ್ಮನ ಕಂಪನಿಗೆ ಸಾಲ: ಮಂಡಳಿ ಸಭೆಯ ಮಿನಿಟ್ಸ್‌ನಲ್ಲಿ ಏನಿರಬೇಕು?

ಸಣ್ಣ ಪ್ರೈವೇಟ್ ಕಂಪನಿಗಳ ಮಿನಿಟ್ಸ್ ಪುಸ್ತಕದಲ್ಲಿ ಇಂಥ ಸಾಲು ಆಗಾಗ ಸಿಗುತ್ತದೆ: "ಚರ್ಚೆಯ ನಂತರ ಖ ಪ್ರೈವೇಟ್ ಲಿಮಿಟೆಡ್‌ಗೆ 25 ಲಕ್ಷ ರೂಪಾಯಿ ಸಾಲ ಕೊಡಲು ಮಂಡಳಿ ಒಪ್ಪಿತು." ಬರೆದದ್ದು ಸುಳ್ಳಲ್ಲ. ಆದರೆ ಖ ಕಂಪನಿ ಯಾರದು, ಅದರಲ್ಲಿ ನಮ್ಮ ನಿರ್ದೇಶಕರಿಗೆ ಏನು ಪಾಲಿದೆ, ಬಡ್ಡಿ ಎಷ್ಟು, ಯಾರು ಒಪ್ಪಿದರು, ಕಾಯ್ದೆಯ ಯಾವ ದಾರಿಯಲ್ಲಿ ಈ ಸಾಲಕ್ಕೆ ಅವಕಾಶವಿದೆ ಎಂಬ ಯಾವುದಕ್ಕೂ ಅದರಲ್ಲಿ ಉತ್ತರವಿಲ್ಲ. ಎರಡು ವರ್ಷ ಕಳೆದ ಮೇಲೆ ಆಡಿಟರ್ ಬಂದು ಕೇಳಿದಾಗ ತೋರಿಸಲು ಇರುವುದು ಮಿನಿಟ್ಸ್ ಒಂದೇ. ಕ್ರಮವಾಗಿ ಬರೆದಿಟ್ಟ ಮಿನಿಟ್ಸ್ ಸಭೆಯಲ್ಲಿ ನಡೆದದ್ದಕ್ಕೆ ಪುರಾವೆ ಎಂದು 2013ರ ಕಂಪನಿ ಕಾಯ್ದೆಯ 118ನೇ ಸೆಕ್ಷನ್ ಹೇಳುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಲೆಕ್ಕ ಬಿಡಿಸಲೆಂದು ಕಲ್ಪಿಸಿಕೊಂಡದ್ದು ಇದು. ಕ ಪ್ರೈವೇಟ್ ಲಿಮಿಟೆಡ್‌ಗೆ ಮೂವರು ನಿರ್ದೇಶಕರು: ಅ, ಆ, ಇ. ಪಾವತಿಯಾದ ಷೇರು ಬಂಡವಾಳ 50 ಲಕ್ಷ, ಡಿವಿಡೆಂಡ್ ಆಗಿ ಹಂಚಲು ಸಿಗುವ ಉಳಿಕೆ, ಅಂದರೆ ಫ್ರೀ ರಿಸರ್ವ್, 70 ಲಕ್ಷ, ಬ್ಯಾಂಕ್ ಸಾಲ 80 ಲಕ್ಷ. ಅ ಅವರ ತಮ್ಮ ಖ ಪ್ರೈವೇಟ್ ಲಿಮಿಟೆಡ್ ನಡೆಸುತ್ತಾರೆ. ಖ ಶುರುವಾದಾಗ ತಮ್ಮನಿಗೆ ಆಸರೆಯಾಗಲೆಂದು ಅ ಅವರೂ ಶೇ. 5ರಷ್ಟು ಷೇರು ಹಾಕಿದ್ದರು. ಈಗ ಖ ಕಂಪನಿಗೆ ಯಂತ್ರ ಕೊಳ್ಳಲು ಮೂರು ವರ್ಷದ ಅವಧಿಗೆ 25 ಲಕ್ಷ ಬೇಕಾಗಿದೆ.

ಮಿನಿಟ್ಸ್ ಬರೆಯಲು ಕೂರುವ ಮೊದಲು ಕೇಳಿಕೊಳ್ಳಬೇಕಾದದ್ದು: ಸಾಲ ಹೋಗುತ್ತಿರುವುದು ನಿಜವಾಗಿ ಯಾರಿಗೆ? 185ನೇ ಸೆಕ್ಷನ್‌ನ ಮೊದಲ ಉಪವಿಭಾಗ ನಿರ್ದೇಶಕರಿಗೆ, ಅವರ ಸಂಬಂಧಿಗೆ, ಅವರಾಗಲಿ ಸಂಬಂಧಿಯಾಗಲಿ ಪಾಲುದಾರರಾಗಿರುವ ಫರ್ಮ್‌ಗೆ ಸಾಲ ಕೊಡುವುದನ್ನೇ ನಿಷೇಧಿಸುತ್ತದೆ. ಅ ಅವರ ತಮ್ಮ ಕಂಪನಿಯಿಲ್ಲದೆ ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿದ್ದರೆ ಅಥವಾ ಪಾರ್ಟ್‌ನರ್‌ಶಿಪ್ ಇಟ್ಟುಕೊಂಡಿದ್ದರೆ ಈ ನಿಷೇಧ ನೇರವಾಗಿ ತಗಲುತ್ತಿತ್ತು. ಇಲ್ಲಿ ಸಾಲ ಕೇಳುತ್ತಿರುವುದು ಕಂಪನಿ, ಹಾಗಾಗಿ ಎರಡನೇ ಉಪವಿಭಾಗ ನೋಡಬೇಕು. ನಮ್ಮ ನಿರ್ದೇಶಕರು ನಿರ್ದೇಶಕರೋ ಸದಸ್ಯರೋ ಆಗಿರುವ ಪ್ರೈವೇಟ್ ಕಂಪನಿಗೆ ಸಾಲ ಕೊಡಬಹುದು, ಆದರೆ ಷೇರುದಾರರ ಸಭೆಯಲ್ಲಿ ಮುಕ್ಕಾಲು ಭಾಗ ಮತ ಬೇಕಾಗುವ ವಿಶೇಷ ನಿರ್ಣಯ ಆಗಬೇಕು ಮತ್ತು ಹಣ ಆ ಕಂಪನಿಯ ಮುಖ್ಯ ವ್ಯವಹಾರಕ್ಕೇ ಬಳಕೆಯಾಗಬೇಕು.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಎರಡನೇ ಉಪವಿಭಾಗ ಅನ್ವಯಿಸುವುದು "ತಮ್ಮನ ಕಂಪನಿ" ಎಂಬ ಕಾರಣಕ್ಕಲ್ಲ, ಅ ಅವರ ಕೈಯಲ್ಲಿರುವ ಷೇರಿನ ಕಾರಣಕ್ಕೆ. ಒಂದೇ ಒಂದು ಷೇರಿದ್ದರೂ ಅವರು ಸದಸ್ಯರೇ. ಷೇರು ಒಂದೂ ಇಲ್ಲದಿದ್ದರೆ, ಖ ಕಂಪನಿಯ ಮಂಡಳಿ ಇವರ ಮಾತಿನಂತೆ ನಡೆಯುವ ಅಭ್ಯಾಸ ಇಟ್ಟುಕೊಂಡಿದೆಯೇ ಎಂದು ನೋಡಬೇಕು, ಅದೂ ಕಾಯ್ದೆ ಹೆಸರಿಸುವ ಸಂಗತಿ.

ಸಂಬಂಧಿ ಯಾರು ಎಂಬುದಕ್ಕೂ ಕಾಯ್ದೆಯದೇ ಪಟ್ಟಿ ಇದೆ: ಅವಿಭಕ್ತ ಹಿಂದೂ ಕುಟುಂಬದ ಸದಸ್ಯರು, ಗಂಡ ಅಥವಾ ಹೆಂಡತಿ, ತಂದೆ, ತಾಯಿ, ಮಗ, ಸೊಸೆ, ಮಗಳು, ಅಳಿಯ, ಅಣ್ಣ ತಮ್ಮಂದಿರು, ಅಕ್ಕ ತಂಗಿಯರು. ಅಳಿಯ ಪಟ್ಟಿಯಲ್ಲಿದ್ದಾರೆ, ಹೆಂಡತಿಯ ತಮ್ಮ ಇಲ್ಲ, ಅಕ್ಕನ ಗಂಡನೂ ಇಲ್ಲ. ಮನೆಯಲ್ಲಿ ಯಾರು ಎಷ್ಟು ಹತ್ತಿರ ಎಂಬುದರ ಮೇಲೆ ತೀರ್ಮಾನ ಮಾಡಬೇಡಿ, ಪಟ್ಟಿ ತೆಗೆದು ನೋಡಿ.

ಇನ್ನು ಪ್ರೈವೇಟ್ ಕಂಪನಿಗೆ ಸಿಗುವ ವಿನಾಯಿತಿ. 2015ರ ಜೂನ್ 5ರ ಅಧಿಸೂಚನೆ ಮೂರು ಷರತ್ತಿನ ಮೇಲೆ ಇಡೀ 185ನೇ ಸೆಕ್ಷನ್‌ನಿಂದ ಬಿಡುಗಡೆ ಕೊಡುತ್ತದೆ. ಕ ಕಂಪನಿಯ ಷೇರು ಬಂಡವಾಳದಲ್ಲಿ ಬೇರೆ ಯಾವ ಕಂಪನಿಯ ಹಣವೂ ಇರಬಾರದು. ಬ್ಯಾಂಕ್, ಹಣಕಾಸು ಸಂಸ್ಥೆ, ಬೇರೆ ಕಂಪನಿಗಳಿಂದ ಪಡೆದ ಸಾಲ ಪಾವತಿಯಾದ ಬಂಡವಾಳದ ಎರಡು ಪಟ್ಟು ಅಥವಾ 50 ಕೋಟಿ, ಇವುಗಳಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಕೆಳಗಿರಬೇಕು. ಆ ಸಾಲಗಳ ಮರುಪಾವತಿಯಲ್ಲಿ ಸುಸ್ತಿ ಇರಬಾರದು. 2017ರಲ್ಲಿ ಇನ್ನೊಂದು ಸೇರಿತು: ವಾರ್ಷಿಕ ಲೆಕ್ಕಪತ್ರ ಮತ್ತು ವಾರ್ಷಿಕ ರಿಟರ್ನ್ ರಿಜಿಸ್ಟ್ರಾರ್‌ಗೆ ಸಲ್ಲಿಸುವುದರಲ್ಲಿ ಬಾಕಿ ಇರಬಾರದು.

ನಮ್ಮ ಕ ಕಂಪನಿಗೆ ಮಿತಿ 1 ಕೋಟಿ, ಸಾಲ 80 ಲಕ್ಷ. ಉಳಿದ ಷರತ್ತುಗಳೂ ಪೂರೈಸಿದರೆ ವಿಶೇಷ ನಿರ್ಣಯ ಬೇಕಿಲ್ಲ. ಆದರೆ ಅಂತರ ಇರುವುದು 20 ಲಕ್ಷ ಮಾತ್ರ. ಸಭೆ ಮುಗಿದು ಹಣ ಕೊಡುವಷ್ಟರಲ್ಲಿ ಓವರ್‌ಡ್ರಾಫ್ಟ್ 25 ಲಕ್ಷ ಏರಿದರೆ ಒಟ್ಟು ಸಾಲ 1 ಕೋಟಿ 5 ಲಕ್ಷವಾಗಿ ವಿನಾಯಿತಿಯ ಬುಡವೇ ಅಲುಗುತ್ತದೆ. ಆದ್ದರಿಂದ ಸಭೆಯ ದಿನದ ಬಾಕಿ ಮಾತ್ರ ಸಾಲದು, ಹಣ ಕೊಡುವ ದಿನದ ಬಾಕಿಯನ್ನೂ ಕಡತದಲ್ಲಿ ಇಡಿ. ಬೇಡವಾದ ಜಾಗ್ರತೆಯಲ್ಲ ಇದು: ವಿನಾಯಿತಿ ಇಲ್ಲದೆ 185 ಮುರಿದರೆ ಕಂಪನಿಗೆ 5 ಲಕ್ಷದಿಂದ 25 ಲಕ್ಷದವರೆಗೆ ದಂಡ, ತಪ್ಪಿತಸ್ಥ ಅಧಿಕಾರಿಗೆ ಆರು ತಿಂಗಳವರೆಗೆ ಜೈಲು ಅಥವಾ ಅಷ್ಟೇ ದಂಡ.

185ರಿಂದ ಬಿಡುಗಡೆ ಸಿಕ್ಕಿತೆಂದು ಕಂಪನಿ ಕೊಡುವ ಸಾಲ, ಗ್ಯಾರಂಟಿ, ಹೂಡಿಕೆಗೆ ಮಿತಿ ಹಾಕುವ 186ರಿಂದಲೂ ಸಿಕ್ಕಿತು ಎಂದುಕೊಳ್ಳಬೇಡಿ, ಅದು ಪ್ರೈವೇಟ್ ಕಂಪನಿಗೂ ಅನ್ವಯಿಸುತ್ತದೆ. ಅದರ ಮಿತಿ ಲೆಕ್ಕ ಹೀಗೆ: ಬಂಡವಾಳ, ಫ್ರೀ ರಿಸರ್ವ್, ಷೇರು ಪ್ರೀಮಿಯಂ ಕೂಡಿಸಿ ಶೇ. 60, ಅಥವಾ ಫ್ರೀ ರಿಸರ್ವ್ ಮತ್ತು ಪ್ರೀಮಿಯಂ ಪೂರ್ತಿ, ಯಾವುದು ಹೆಚ್ಚೋ ಅದು. ನಮ್ಮಲ್ಲಿ 1 ಕೋಟಿ 20 ಲಕ್ಷದ ಶೇ. 60 ಎಂದರೆ 72 ಲಕ್ಷ, ಇನ್ನೊಂದು 70 ಲಕ್ಷ. ಮಿತಿ 72 ಲಕ್ಷ. ಹಿಂದೆ ಕೊಟ್ಟ ಸಾಲ, ಗ್ಯಾರಂಟಿ, ಮಾಡಿದ ಹೂಡಿಕೆ ಏನೂ ಇಲ್ಲದಿದ್ದರೆ 25 ಲಕ್ಷ ಸಲೀಸಾಗಿ ಒಳಗೇ ಬರುತ್ತದೆ. ಬಡ್ಡಿ ದರ ಸಾಲದ ಅವಧಿಗೆ ಹತ್ತಿರವಾದ ಸರ್ಕಾರಿ ಸಾಲಪತ್ರದ ಇಳುವರಿಗಿಂತ ಕಡಿಮೆ ಇರುವಂತಿಲ್ಲ. ಇಲ್ಲಿ ಮೂರು ವರ್ಷದ ಸಾಲಪತ್ರವನ್ನು ಹೋಲಿಸಬೇಕು. ಬಡ್ಡಿಯಿಲ್ಲದ ಕೈಸಾಲಕ್ಕೆ ಕಂಪನಿಯಲ್ಲಿ ಜಾಗವಿಲ್ಲ, ಅಣ್ಣ ತಮ್ಮಂದಿರ ನಡುವೆಯಾದರೂ.

186ರ ಐದನೇ ಉಪವಿಭಾಗವೇ ಮಿನಿಟ್ಸ್‌ಗೆ ಅತಿ ಮುಖ್ಯ. ನಿರ್ಣಯ ಮಂಡಳಿಯ ಸಭೆಯಲ್ಲೇ ಆಗಬೇಕು, ಹಾಜರಿರುವ ಎಲ್ಲ ನಿರ್ದೇಶಕರೂ ಒಪ್ಪಬೇಕು. ಕಾಗದ ಸುತ್ತಿಸಿ ಸಹಿ ಹಾಕಿಸಿಕೊಂಡರೆ ನಡೆಯುವುದಿಲ್ಲ, ಬಹುಮತವೂ ಸಾಲದು.

ಈಗ ತೊಡಕಿನ ಜಾಗಕ್ಕೆ ಬರೋಣ. ಅ ಅವರಿಗೆ ಖ ಕಂಪನಿಯಲ್ಲಿ ಶೇ. 2ಕ್ಕಿಂತ ಹೆಚ್ಚು ಷೇರಿರುವುದರಿಂದ 184ರ ಪ್ರಕಾರ ಅವರು ಸಭೆಯಲ್ಲಿ ತಮ್ಮ ಹಿತಾಸಕ್ತಿ ಘೋಷಿಸಲೇಬೇಕು. ಯಾವ ಕಂಪನಿಗಳಲ್ಲಿ ತಮಗೆ ಹಿತಾಸಕ್ತಿ ಇದೆ ಎಂದು ತಿಳಿಸುವ ಎಂಬಿಪಿ-1 ನಮೂನೆಯನ್ನು ವರ್ಷದ ಮೊದಲ ಸಭೆಯಲ್ಲಿ ಕೊಟ್ಟಿದ್ದಾರೆ ಎಂಬ ಕಾರಣಕ್ಕೆ ಈ ಘೋಷಣೆ ಬಿಡುವಂತಿಲ್ಲ. ಘೋಷಣೆಯಾದ ಮೇಲೆ ಪ್ರೈವೇಟ್ ಕಂಪನಿಯ ನಿರ್ದೇಶಕರು ಚರ್ಚೆಯಲ್ಲಿ ಇರಬಹುದು, ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಗೂ, ಅಂದರೆ ಕೋರಂಗೂ, ಲೆಕ್ಕವಾಗುತ್ತಾರೆ. ಹಾಗಿದ್ದರೂ ಅವರು ಕೊಠಡಿಯಲ್ಲೇ ಕುಳಿತು "ನಾನು ತಟಸ್ಥ" ಎಂದರೆ ಹಾಜರಿದ್ದ ಎಲ್ಲರೂ ಒಪ್ಪಿದರು ಎಂದು ಬರೆಯುವುದು ಹೇಗೆ? ತಟಸ್ಥರಾಗಿರುವುದು ಒಪ್ಪಿಗೆಯಲ್ಲ. ನನ್ನ ಅಭಿಪ್ರಾಯದಲ್ಲಿ ಸರಿಯಾದ ದಾರಿ, ಈ ವಿಷಯ ಬಂದಾಗ ಅವರು ಹೊರಗೆ ಹೋಗುವುದು. ಆ, ಇ ಇಬ್ಬರೂ ಹಾಜರಿದ್ದರೆ ಕೋರಂಗೆ ಬೇಕಾದ ಎರಡು ಅಲ್ಲೇ ಇದೆ. ಸಭೆಗೆ ಬಂದದ್ದು ಅ ಮತ್ತು ಆ ಮಾತ್ರ ಎಂದಾದರೆ, ಕಾಯ್ದೆ ಅವಕಾಶ ಕೊಟ್ಟರೂ ವಿಷಯವನ್ನು ಮುಂದಿನ ಸಭೆಗೆ ಹಾಕಿ.

ಕರಡು ಹೀಗಿರಬಹುದು:

"ವಿಷಯ 5: ಖ ಪ್ರೈವೇಟ್ ಲಿಮಿಟೆಡ್‌ಗೆ ಸಾಲ. ಖ ಕಂಪನಿಯಲ್ಲಿ ತಾವು ಶೇ. 5ರಷ್ಟು ಷೇರು ಹೊಂದಿರುವುದಾಗಿಯೂ ಅದರ ವ್ಯವಸ್ಥಾಪಕ ನಿರ್ದೇಶಕರು ತಮ್ಮ ಸಹೋದರರೆಂದೂ ಶ್ರೀ ಅ ಅವರು ಸಭೆಗೆ ತಿಳಿಸಿ, ಬೆಳಿಗ್ಗೆ 11.40ಕ್ಕೆ ಸಭೆಯಿಂದ ಹೊರನಡೆದರು. ಉಳಿದ ಇಬ್ಬರು ನಿರ್ದೇಶಕರಿಂದ ಕೋರಂ ಇರುವುದನ್ನು ಅಧ್ಯಕ್ಷರು ದೃಢಪಡಿಸಿದರು.

ಖ ಕಂಪನಿಯ ಸಾಲದ ಅರ್ಜಿ, ಯಂತ್ರದ ಕೊಟೇಶನ್, ಕಳೆದ ಸಾಲಿನ ಲೆಕ್ಕಪತ್ರ, ಹಾಗೂ 185ರ ವಿನಾಯಿತಿ ಷರತ್ತುಗಳು ಪೂರೈಸಿರುವ ಬಗ್ಗೆ ಮತ್ತು 186ರ ಮಿತಿಯ ಬಗ್ಗೆ ತಯಾರಿಸಿದ ಟಿಪ್ಪಣಿಯನ್ನು ಸಭೆಯ ಮುಂದೆ ಇಡಲಾಯಿತು. ಚರ್ಚೆಯ ನಂತರ ಹಾಜರಿದ್ದ ಎಲ್ಲ ನಿರ್ದೇಶಕರ ಒಪ್ಪಿಗೆಯೊಂದಿಗೆ ಹೀಗೆ ನಿರ್ಣಯಿಸಲಾಯಿತು:

ಖ ಪ್ರೈವೇಟ್ ಲಿಮಿಟೆಡ್‌ಗೆ ಯಂತ್ರ ಖರೀದಿಗಾಗಿ 25,00,000 ರೂಪಾಯಿ ಸಾಲವನ್ನು ವಾರ್ಷಿಕ ಶೇ. 10 ಬಡ್ಡಿಯಲ್ಲಿ, 36 ಸಮ ಮಾಸಿಕ ಕಂತುಗಳಲ್ಲಿ ಮರುಪಾವತಿಯಾಗುವಂತೆ ನೀಡುವುದು. ಸಾಲದ ಕರಾರಿಗೆ ಸಹಿ ಮಾಡಲು ಶ್ರೀಮತಿ ಆ ಅವರಿಗೆ ಅಧಿಕಾರ ಕೊಡುವುದು.

ಶ್ರೀ ಅ ಅವರು ಮಧ್ಯಾಹ್ನ 12.05ಕ್ಕೆ ಸಭೆಗೆ ಮರಳಿದರು."

ಕರಾರಿಗೆ ಸಹಿ ಮಾಡುವ ಅಧಿಕಾರ ಅ ಅವರಿಗೆ ಕೊಟ್ಟಿಲ್ಲ ಎಂಬುದನ್ನು ಗಮನಿಸಿ. ಘೋಷಣೆ ಮೊದಲು, ಕೋರಂ ಅದರ ನಂತರ, ಚರ್ಚೆ ಆಮೇಲೆ ಎಂಬ ಅನುಕ್ರಮವೂ ಬದಲಾಗಬಾರದು. ನಿರ್ಣಯ ಬರೆದ ಮೇಲೆ ಕೊನೆಗೆ "ಶ್ರೀ ಅ ಅವರಿಗೆ ಹಿತಾಸಕ್ತಿ ಇದೆ" ಎಂದು ಸೇರಿಸಿದರೆ, ಉಳಿದವರು ಅದನ್ನು ತಿಳಿದೇ ಒಪ್ಪಿದರೋ ಎಂಬ ಅನುಮಾನ ಹಾಗೇ ಉಳಿಯುತ್ತದೆ. ಸರಿಯಾಗಿ ಘೋಷಿಸದಿದ್ದರೆ ಆ ವ್ಯವಹಾರವನ್ನು ಕಂಪನಿ ಮುಂದೆ ರದ್ದು ಮಾಡಬಹುದು.

ಸಭೆಯ ನಂತರ 15 ದಿನದೊಳಗೆ ಕರಡು ಎಲ್ಲ ನಿರ್ದೇಶಕರಿಗೂ ಹೋಗಬೇಕು, ಅವರಿಗೆ ಅಭಿಪ್ರಾಯ ತಿಳಿಸಲು ಏಳು ದಿನ, 30 ದಿನದೊಳಗೆ ಪುಸ್ತಕಕ್ಕೆ ದಾಖಲು. ಸಾಲ ಕೊಟ್ಟ ಏಳು ದಿನದೊಳಗೆ ಅದನ್ನು ಸಾಲ, ಗ್ಯಾರಂಟಿ, ಹೂಡಿಕೆಗಳ ಎಂಬಿಪಿ-2 ರಿಜಿಸ್ಟರ್‌ನಲ್ಲಿ ನಮೂದಿಸಬೇಕು. ಅ ಅವರ ಹಿತಾಸಕ್ತಿಯನ್ನು ನಮೂದಿಸಲು ಎಂಬಿಪಿ-4 ಎಂಬ ರಿಜಿಸ್ಟರ್ ಬೇರೆಯೇ ಇದೆ, ಅದನ್ನು ಮುಂದಿನ ಸಭೆಯಲ್ಲಿಟ್ಟು ಹಾಜರಿರುವ ನಿರ್ದೇಶಕರ ಸಹಿ ಪಡೆಯಬೇಕು. ಕ ಕಂಪನಿಯ ಬ್ಯಾಂಕಿನ ಮಂಜೂರಾತಿ ಪತ್ರವನ್ನೂ ಒಮ್ಮೆ ಓದಿ, ಬ್ಯಾಂಕಿನ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಸಾಲ ಕೊಡಬಾರದೆಂಬ ಷರತ್ತು ಅದರಲ್ಲಿ ಇರಬಹುದು. ಅ ಅವರಿಗೆ ಕ ಕಂಪನಿಯಲ್ಲಿ ಶೇ. 10 ಅಥವಾ ಹೆಚ್ಚು ಮತಾಧಿಕಾರವಿದ್ದು ಖ ಕಂಪನಿಯಲ್ಲೂ ಶೇ. 20ರಷ್ಟು ಪಾಲಿದ್ದಿದ್ದರೆ, ಆದಾಯ ತೆರಿಗೆಯಲ್ಲಿ ಈ ಸಾಲವನ್ನು ಡಿವಿಡೆಂಡ್ ಎಂದು ಪರಿಗಣಿಸುವ ಅಪಾಯವಿತ್ತು. ಶೇ. 5 ಇರುವುದರಿಂದ ಆ ಪ್ರಶ್ನೆ ಇಲ್ಲಿ ಏಳುವುದಿಲ್ಲ.

ಆಡಿಟರ್ ಮೊದಲು ಹೋಲಿಸುವುದು ಎರಡು ದಿನಾಂಕ: ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ 25 ಲಕ್ಷ ಹೊರಹೋದ ದಿನ ಮತ್ತು ಸಭೆಯ ದಿನ. ಹಣ ಮೊದಲು ಹೋಗಿ ಸಭೆ ಆಮೇಲೆ ನಡೆದಿದ್ದರೆ ಅದನ್ನು ಹಾಗೇ ಬರೆಯಬೇಕು, ಹಿಂದಿನ ದಿನಾಂಕದ ಸಭೆ ಸೃಷ್ಟಿಸಬಾರದು. ತಡವಾದ ಒಪ್ಪಿಗೆಯಿಂದ ಆದ ಉಲ್ಲಂಘನೆ ಅಳಿಸಿಹೋಗುವುದಿಲ್ಲ ನಿಜ, ಆದರೆ ಮಿನಿಟ್ಸ್ ತಿದ್ದುವುದು ಅದರ ಮೇಲೆ ಇನ್ನೊಂದು ಅಪರಾಧ. ಅದಕ್ಕೆ ಎರಡು ವರ್ಷದವರೆಗೆ ಜೈಲು, ಜೊತೆಗೆ 25,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ.