ಪೈಪ್ ಎಳೆದದ್ದು 4 ಸೆಂ.ಮೀ., ಎಕ್ಸ್-ರೇಯಲ್ಲಿ ಸರಿದದ್ದು 6 ಸೆಂ.ಮೀ.: ಇದು ಹೇಗೆ?

*ಪ್ರಶ್ನೆ: ನಾನು ನರ್ಸಿಂಗ್ ಓದುತ್ತಿದ್ದೇನೆ. ಹಾರ್ಟ್ ಬ್ಲಾಕ್ ಆದ ನಮ್ಮ ದೊಡ್ಡವ್ವನಿಗೆ ಹುಮನಾಬಾದಿನಲ್ಲೇ ಬಾಯಿಗೆ ಉಸಿರಿನ ಪೈಪ್ ಹಾಕಿ, ಆಂಬುಲೆನ್ಸ್‌ನಲ್ಲಿ ಕಲಬುರಗಿಗೆ ತಂದರು. ಇಲ್ಲಿ ಎಕ್ಸ್-ರೇ ನೋಡಿ ಪೈಪನ್ನು 4 ಸೆಂ.ಮೀ. ಹಿಂದಕ್ಕೆ ಎಳೆದರು. ಮೊದಲ ರಿಪೋರ್ಟಿನಲ್ಲಿ ತುದಿ ಕರೀನಾದಿಂದ 1 ಸೆಂ.ಮೀ. ಕೆಳಗೆ ಎಂದಿತ್ತು. ಎರಡನೆಯದರಲ್ಲಿ 5 ಸೆಂ.ಮೀ. ಮೇಲೆ ಎಂದಿದೆ. ಯಾವುದೋ ಒಂದು ಅಳತೆ ತಪ್ಪಲ್ವಾ ಸರ್?*

ಎರಡೂ ಸರಿಯೇ. ಉಳಿದ 2 ಸೆಂ.ಮೀ. ನಿಮ್ಮ ದೊಡ್ಡವ್ವನ ಗದ್ದದ ಲೆಕ್ಕಕ್ಕೆ ಹೋಗುತ್ತದೆ.

ನೀವು ಕಳಿಸಿದ ಮೊದಲ ಫಿಲ್ಮನ್ನು ಮತ್ತೆ ನೋಡಿ. ದವಡೆಯ ಮೂಳೆ ಕೆಳಗಿಳಿದು ಕೊರಳೆಲುಬಿನ ಹತ್ತಿರ ಬಂದಿದೆ. ಅಂದರೆ ತಲೆಯ ಕೆಳಗೆ ದಿಂಬಿತ್ತು, ಗದ್ದ ಎದೆಗೆ ಬಾಗಿತ್ತು. ಪೈಪನ್ನು ಪ್ಲಾಸ್ಟರ್ ಹಚ್ಚಿ ಬಿಗಿದಿರುವುದು ತುಟಿಯ ಹತ್ತಿರ. ಹಾಗಾಗಿ ಗದ್ದ ಕೆಳಗಾದರೆ ತುದಿಯೂ ಸುಮಾರು 2 ಸೆಂ.ಮೀ. ಕೆಳಗಿಳಿಯುತ್ತದೆ, ತಲೆ ಹಿಂದಕ್ಕೆ ಬಾಗಿದರೆ ಅಷ್ಟೇ ಮೇಲೇರುತ್ತದೆ. ಮೂಗು ಹೋದ ಕಡೆ ಪೈಪ್ ಹೋಗುತ್ತದೆ ಅಂತ ನೆನಪಿಟ್ಟರೆ ಸಾಕು. ಎರಡನೇ ಫಿಲ್ಮ್ ತೆಗೆಯುವಾಗ ತಲೆ ನೇರ ಇತ್ತು. ಎಳೆದ 4, ತಲೆ ನೇರವಾಗಿದ್ದಕ್ಕೆ 2, ಒಟ್ಟು 6.

ಕರೀನಾ ಎಂದರೆ ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗ. ದೊಡ್ಡವರಲ್ಲಿ ತಲೆ ನೇರ ಇದ್ದಾಗ ಪೈಪಿನ ತುದಿ ಅದರಿಂದ ಸುಮಾರು 5 ಸೆಂ.ಮೀ. ಮೇಲಿರಬೇಕು. ಗದ್ದ ಬಾಗಿದ್ದರೆ 3 ಇದ್ದರೂ ಒಪ್ಪಬಹುದು. ಅದಕ್ಕೇ ನಾನು ಮೊದಲು ದವಡೆ ನೋಡುತ್ತೇನೆ, ಆಮೇಲೆ ಸ್ಕೇಲ್ ಇಡುತ್ತೇನೆ. ದವಡೆ ನೋಡದೆ ಬರೀ ಅಂಕಿ ನೋಡಿ ಪೈಪ್ ಎಳೆದರೆ, ತಲೆ ಹಿಂದಕ್ಕೆ ವಾಲಿದಾಗ ಅದು ಗಂಟಲಿಂದ ಈಚೆಗೇ ಬಂದುಬಿಡಬಹುದು.

ಹುಮನಾಬಾದಿನವರು ತಪ್ಪು ಹಾಕಿದರೇ? ನನಗೆ ಹಾಗನಿಸುವುದಿಲ್ಲ. ರೆಫರಲ್ ಚೀಟಿಯಲ್ಲಿ "ತುಟಿಯ ಹತ್ತಿರ 21" ಎಂದು ಬರೆದಿದ್ದಾರೆ, ಹೆಂಗಸರಿಗೆ ಅದು ಸರಿಯಾದ ಗುರುತು. ಇಲ್ಲಿಗೆ ಬಂದಾಗ ಅದು 25 ಆಗಿತ್ತು ಎಂದು ನೀವೇ ಬರೆದಿದ್ದೀರಿ. ಜೊಲ್ಲಿಗೆ ಪ್ಲಾಸ್ಟರ್ ನೆನೆದು ಸಡಿಲಾಗಿ, ದಾರಿಯಲ್ಲಿ ಪೈಪ್ ಒಳಗೆ ಜಾರಿದೆ. ಗಾಡಿಯಿಂದ ಸ್ಟ್ರೆಚರ್‌ಗೆ, ಸ್ಟ್ರೆಚರ್‌ನಿಂದ ಬೆಡ್ಡಿಗೆ ಬದಲಿಸಿದಾಗಲೆಲ್ಲ ಈ ಅಂಕಿ ಓದಿದ್ದರೆ ಎಕ್ಸ್-ರೇಗೂ ಮೊದಲೇ ಗೊತ್ತಾಗುತ್ತಿತ್ತು.

ಒಳಗೆ ಜಾರಿದ ಪೈಪ್ ಸಾಮಾನ್ಯವಾಗಿ ಬಲಗಡೆಗೇ ಹೋಗುತ್ತದೆ. ಬಲಗವಲು ಅಗಲ, ಜೊತೆಗೆ ಹೆಚ್ಚು ನೇರ. ಆಗ ವೆಂಟಿಲೇಟರಿನ ಗಾಳಿಯೆಲ್ಲ ಬಲ ಶ್ವಾಸಕೋಶಕ್ಕೇ. ಎಡಗಡೆಯದು ಗಾಳಿಯಿಲ್ಲದೆ ಕುಗ್ಗುತ್ತದೆ. ಮೊದಲ ಫಿಲ್ಮಿನಲ್ಲಿ ಎಡಗಡೆ ಬೆಳ್ಳಗಾಗಿ, ಹೃದಯ ಆ ಕಡೆಗೆ ಎಳೆದುಕೊಂಡಿರುವುದು ಅದಕ್ಕೇ. ರೋಗಿಯ ಎಡಗಡೆ ಎಂದರೆ ಫಿಲ್ಮಿನಲ್ಲಿ ನಿಮ್ಮ ಬಲಗೈ ಕಡೆ, ಮರೀಬೇಡಿ! ಇನ್ನೊಂದು ಮಾತು. ಮಾನಿಟರಿನಲ್ಲಿ ಇಂಗಾಲದ ಡೈಆಕ್ಸೈಡ್ ಅಲೆ ಬರುತ್ತಿದ್ದರೆ ಪೈಪ್ ಅನ್ನನಾಳದಲ್ಲಿಲ್ಲ ಅಂತ ಮಾತ್ರ ಅರ್ಥ. ಒಂದೇ ಕವಲಿಗೆ ಹೋಗಿದ್ದರೂ ಆ ಅಲೆ ಬರುತ್ತದೆ.

ಎರಡನೇ ಫಿಲ್ಮಿನಲ್ಲಿ ಇನ್ನೂ ಎರಡು ಗೆರೆಗಳಿವೆ. ಅವುಗಳಲ್ಲಿ ಒಂದಕ್ಕೆ ಕರೀನಾವೇ ಮೈಲಿಗಲ್ಲು. ಎಡ ಕೊರಳೆಲುಬಿನ ಕೆಳಗಿಂದ ಬಂದ ತೆಳು ಗೆರೆ ಸೆಂಟ್ರಲ್ ಲೈನ್. ಅದು ಎದೆಯ ನಡುವನ್ನು ದಾಟಿ, ರೋಗಿಯ ಬಲಗಡೆ ಇರುವ ದೊಡ್ಡ ರಕ್ತನಾಳಕ್ಕೆ ಇಳಿದು, ಕರೀನಾಕ್ಕಿಂತ ಸ್ವಲ್ಪ ಕೆಳಗೆ ನಿಂತಿದೆ. ತುದಿ ನೆಟ್ಟಗೆ ಕೆಳಮುಖವಾಗಿದೆ, ಅದೇ ಬೇಕಾದದ್ದು. ಎಡಗಡೆಯಿಂದ ಹಾಕಿದ ಲೈನ್ ಗಿಡ್ಡವಾದರೆ ತುದಿ ನಾಳದ ಗೋಡೆಗೆ ಅಡ್ಡಡ್ಡ ಚುಚ್ಚಿಕೊಂಡು ನಿಲ್ಲುತ್ತದೆ, ದಿನ ಕಳೆದಂತೆ ಗೋಡೆ ತೂತಾಗುವ ಭಯ ಇರುತ್ತದೆ.

ಕುತ್ತಿಗೆಯ ಬಲಗಡೆಯಿಂದ ಇಳಿದದ್ದು ತಾತ್ಕಾಲಿಕ ಪೇಸ್‌ಮೇಕರ್ ವೈರ್. ಅದು ಬಲಗಡೆ ಇಳಿದು, ಹೃದಯದ ನೆರಳೊಳಗೆ ತಿರುಗಿ, ಬೆನ್ನುಮೂಳೆ ದಾಟಿ ರೋಗಿಯ ಎಡಕ್ಕೆ ಹೋಗಿದೆ. ತುದಿ ಹೃದಯದ ಕೆಳಮೂಲೆಯ ಹತ್ತಿರ ಇದೆ. ಅಲ್ಲಿರುವುದು ಬಲ ಹೃತ್ಕುಕ್ಷಿಯ ತುದಿ. ಅದೇ ವೈರ್ ಎಡಭುಜದ ಕಡೆಗೆ ಮೇಲೇರಿದ್ದರೆ ಅನುಮಾನ ಪಡಬೇಕು. ಎದುರಿನಿಂದ ತೆಗೆದ ಒಂದೇ ಫಿಲ್ಮ್ ಆಗ ಸಾಲದು. ಪಕ್ಕದಿಂದ ತೆಗೆದದ್ದರಲ್ಲಿ ತುದಿ ಮುಂದಕ್ಕೆ, ಎದೆಮೂಳೆಯ ಕಡೆಗಿರಬೇಕು. ಬೆನ್ನಿನ ಕಡೆ ತಿರುಗಿದ್ದರೆ ಹೃದಯದ ಹಿಂದಿನ ರಕ್ತನಾಳಕ್ಕೆ ಹೋಗಿರಬಹುದು.

ವೈರ್ ಎಲ್ಲಿದೆ ಅಂತ ಎಕ್ಸ್-ರೇ ಹೇಳುತ್ತದೆ, ಕೆಲಸ ಮಾಡುತ್ತಿದೆಯೇ ಅಂತ ಹೇಳುವುದಿಲ್ಲ. ಅದಕ್ಕೆ ಇಸಿಜಿ ನೋಡಬೇಕು: ಪೇಸ್‌ಮೇಕರಿನ ಪ್ರತಿ ಸ್ಪೈಕ್ ಆದ ಕೂಡಲೇ ಒಂದು ಅಗಲವಾದ ಬಡಿತ ಬರಬೇಕು, ಆ ಬಡಿತ ದೊಡ್ಡವ್ವನ ಮಣಿಕಟ್ಟಿನಲ್ಲಿ ನಿಮ್ಮ ಬೆರಳಿಗೂ ಸಿಗಬೇಕು. ನಾಳೆ ಡ್ಯೂಟಿ ಸಿಸ್ಟರ್‌ಗೆ ಹೇಳಿ ಇದನ್ನೊಮ್ಮೆ ನೋಡಿ. ಹಾಗೇ ತುಟಿಯ ಹತ್ತಿರದ ಅಂಕಿಯನ್ನೂ ಓದಿ. ಅದು 21 ಇರಬೇಕು.