ಒಬ್ಬ ಹೋದರೂ ಫಸಲು ಕಡಿಮೆಯಾಗದ ಹೊಲ: ಮರೆಮಾಚಿದ ನಿರುದ್ಯೋಗದ ಹಳೇ ಜಗಳ

ಐದು ಜನರ ಒಂದು ರೈತ ಕುಟುಂಬ ಇದೆ ಅಂತಿಟ್ಟುಕೊಳ್ಳಿ. ಅಪ್ಪ, ಅಮ್ಮ, ಇಬ್ಬರು ಗಂಡುಮಕ್ಕಳು, ಒಬ್ಬಳು ಸೊಸೆ. ಐವರೂ ದಿನಾ ಹೊಲಕ್ಕೆ ಹೋಗುತ್ತಾರೆ. ಆ ಹೊಲದ ಕೆಲಸ ದಿನಕ್ಕೆ ಒಟ್ಟು 30 ಗಂಟೆ. ಹಂಚಿಕೊಂಡರೆ ತಲಾ 6 ಗಂಟೆ. ವರ್ಷದ ಫಸಲು 40 ಮೂಟೆ. ಈಗ ಕಿರಿಯ ಮಗ ಬೇರೆ ಕೆಲಸ ಹುಡುಕಿಕೊಂಡು ಹೊರಟ. ಉಳಿದ ನಾಲ್ವರು ತಲಾ ಏಳೂವರೆ ಗಂಟೆ ದುಡಿದು ಅದೇ 30 ಗಂಟೆ ತುಂಬಿಸಿದರು. ಫಸಲು ಮತ್ತೆ 40 ಮೂಟೆಯೇ ಬಂತು.

ಹಾಗಾದರೆ ಆ ಹುಡುಗ ಇಷ್ಟು ದಿನ ಮಾಡಿದ್ದೇನು? ಸುಮ್ನೆ ಕೂತಿರಲಿಲ್ಲ. ಬೆಳಿಗ್ಗೆಯಿಂದ ಬೆವರು ಸುರಿಸುತ್ತಲೇ ಇದ್ದ. ಆದರೆ ಅವನಿಂದಾಗಿ ಒಂದು ಮೂಟೆಯೂ ಜಾಸ್ತಿ ಬರಲಿಲ್ಲ. ಇದನ್ನೇ ಮರೆಮಾಚಿದ ನಿರುದ್ಯೋಗ ಅನ್ನುವುದು.

ಕೂಲಿ ಆಳನ್ನಾದರೆ ಅವನ ಕೆಲಸದಿಂದ ಕೂಲಿಯಷ್ಟೂ ಹುಟ್ಟದಿದ್ದಾಗ ಯಾರೂ ಇಟ್ಟುಕೊಳ್ಳುವುದಿಲ್ಲ. ಮನೆ ಮಗನನ್ನು ಹಾಗೆ ಬಿಡಿಸೋಕೆ ಆಗುತ್ತಾ? ಅವನಿಗೆ ಸಿಗುವುದು ಕೂಲಿ ಅಲ್ಲ, ಪಾಲು. 40 ಮೂಟೆಯಲ್ಲಿ ತಲಾ 8. ಅವನಿಂದ ಎಷ್ಟು ಹೆಚ್ಚಾಯಿತು ಅನ್ನುವ ಲೆಕ್ಕ ಯಾರೂ ಹಾಕುವುದಿಲ್ಲ. ಹಾಗಾಗಿಯೇ ಈ ನಿರುದ್ಯೋಗ ಕಣ್ಣಿಗೆ ಬೀಳುವುದಿಲ್ಲ. ಸಮೀಕ್ಷೆಯವರಿಗೂ ಅಷ್ಟೇ. 1982ರಲ್ಲಿ ಒಪ್ಪಿಕೊಂಡ ಅಂತರರಾಷ್ಟ್ರೀಯ ಅಳತೆಗೋಲಿನ ಪ್ರಕಾರ ವಾರದಲ್ಲಿ ಒಂದು ಗಂಟೆ ದುಡಿದರೂ ಸಾಕು, ಅವರು ಉದ್ಯೋಗಸ್ಥರು.

ವಿಚಿತ್ರ ಏನೆಂದರೆ, ಈ ಯೋಚನೆ ಹುಟ್ಟಿದ್ದು ಹೊಲದಲ್ಲಿ ಅಲ್ಲ. 1936ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ ಬರೆದದ್ದು ಕೈಗಾರಿಕಾ ದೇಶಗಳ ಬಗ್ಗೆ. ಮಾಲು ಕೊಳ್ಳುವವರಿಲ್ಲದೆ ಕಾರ್ಖಾನೆಗಳು ಜನರನ್ನು ಮನೆಗೆ ಕಳಿಸುತ್ತಿದ್ದ ಕಾಲ ಅದು. ಕೆಲಸ ಕಳೆದುಕೊಂಡವರು ಬೀದಿಯಲ್ಲಿ ಬೆಂಕಿಪೆಟ್ಟಿಗೆ ಮಾರುವಂಥ ಪುಡಿಗೆಲಸಕ್ಕೆ ಇಳಿಯುತ್ತಾರೆ. ಅವರೂ ಒಂದು ಲೆಕ್ಕದಲ್ಲಿ ನಿರುದ್ಯೋಗಿಗಳೇ ಅಂದರು ರಾಬಿನ್ಸನ್. ಅಲ್ಲಿ ಪರಿಹಾರ ಸುಲಭ. ಮಾಲಿಗೆ ಬೇಡಿಕೆ ಬಂದರೆ ನಿಂತ ಯಂತ್ರ ಮತ್ತೆ ತಿರುಗುತ್ತದೆ, ಜನ ಹಳೇ ಕೆಲಸಕ್ಕೆ ವಾಪಸ್. ರೈತ ಕುಟುಂಬಕ್ಕೆ ಆ ಅನುಕೂಲ ಇಲ್ಲ. ವಾಪಸ್ ಹೋಗೋಕೆ ಅಂಥ ಕಾರ್ಖಾನೆಯೇ ಇಲ್ಲ.

1943ರಲ್ಲಿ ಪಾಲ್ ರೋಸೆನ್‌ಸ್ಟೈನ್-ರೋಡಾನ್ ಈ ಯೋಚನೆಯನ್ನು ಪೂರ್ವ ಮತ್ತು ಆಗ್ನೇಯ ಯೂರೋಪಿನ ಹಳ್ಳಿಗಳಿಗೆ ಹೊಂದಿಸಿದರು. ಅಲ್ಲಿನ ಜನರಲ್ಲಿ ಸುಮಾರು ಕಾಲು ಭಾಗ ಪೂರ್ತಿ ಅಥವಾ ಅರೆಬರೆ ನಿರುದ್ಯೋಗಿಗಳು ಅನ್ನುವುದು ಅವರ ಅಂದಾಜು. ಹತ್ತು ವರ್ಷದ ನಂತರ ರಾಗ್ನರ್ ನರ್ಕ್ಸೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೊಲದಲ್ಲಿ ಹೆಚ್ಚಾದವರನ್ನು ರಸ್ತೆ, ಕಾಲುವೆ ಕೆಲಸಕ್ಕೆ ಹಚ್ಚಿ. ಊಟಕ್ಕೆ ಹೊಸದಾಗಿ ಏನೂ ಬೇಕಿಲ್ಲ, ಮನೆಯಲ್ಲಿ ತಿನ್ನುತ್ತಿದ್ದ ಕಾಳನ್ನೇ ಅಲ್ಲಿಗೆ ಕಳಿಸಿದರಾಯಿತು ಅನ್ನುವ ಲೆಕ್ಕ.

ಕೇಳೋಕೆ ಚೆನ್ನಾಗಿದೆ. ಆದರೆ ನಮ್ಮ ಕುಟುಂಬಕ್ಕೇ ಹಚ್ಚಿ ನೋಡಿ. ಮಗ ಹೋದ ಮೇಲೆ ಉಳಿದವರ ಪಾಲು ತಲಾ 8ರಿಂದ 10 ಮೂಟೆಗೆ ಏರುತ್ತದೆ. ಅರೆಹೊಟ್ಟೆಯಲ್ಲಿದ್ದವರು, ಈಗ ಜಾಸ್ತಿ ದುಡಿಯುತ್ತಿರುವವರು, ಆ ಎರಡೆರಡು ಮೂಟೆಯನ್ನು ತಾವೇ ತಿನ್ನುತ್ತಾರೆ. ಕಾಲುವೆ ತೋಡುವ ಮಗನಿಗೆ ಅದು ತಾನಾಗಿ ತಲುಪುವುದಿಲ್ಲ. ಈ ಸೋರಿಕೆ ನರ್ಕ್ಸೆಗೂ ಗೊತ್ತಿತ್ತು.

1954ರಲ್ಲಿ ಆರ್ಥರ್ ಲೂಯಿಸ್ ಇದರ ಮೇಲೆ ಒಂದು ಇಡೀ ಸಿದ್ಧಾಂತವನ್ನೇ ಕಟ್ಟಿದರು. ಹಳ್ಳಿಯಿಂದ ಬದುಕಿಗೆ ಸಾಕಾಗುವಷ್ಟು ಕೂಲಿಗೆ ಎಷ್ಟು ಜನ ಬೇಕಾದರೂ ಸಿಗುತ್ತಾರೆ, ಅವರಿಂದ ಕೈಗಾರಿಕೆ ಬೆಳೆಯಬಹುದು ಅಂತ. ಹೊಲದಲ್ಲಿ ಹೆಚ್ಚಾದವರ ಕೊಡುಗೆ ನಿಜವಾಗಿ ಸೊನ್ನೆಯೇ ಅನ್ನುವುದು ತನ್ನ ವಾದಕ್ಕೆ ಅಷ್ಟು ಮುಖ್ಯವಲ್ಲ ಅಂತ ಅವರೇ ಬರೆದಿದ್ದರು. ಆದರೆ ಓದಿದವರ ತಲೆಯಲ್ಲಿ ಉಳಿದದ್ದು ಆ ಸೊನ್ನೆಯೇ.

ಆ ಸೊನ್ನೆಯನ್ನು ಪರೀಕ್ಷೆ ಮಾಡಲು ಹೊರಟವರು ಅಮೆರಿಕದ ಥಿಯೊಡೊರ್ ಶುಲ್ಜ್. ಇಡೀ ಚರ್ಚೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ ಭಾಗ, ವಿಷಯ ಮಾತ್ರ ಕರುಳು ಹಿಂಡುವಂಥದ್ದು. 1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ದುಡಿಯುವ ವಯಸ್ಸಿನವರಿಗೇ ಹೊಡೆತ ಜಾಸ್ತಿ. ಸತ್ತದ್ದು ಜನ ಮಾತ್ರ, ಭೂಮಿ ಹಾಗೇ ಇತ್ತು. ಹೊಲದಲ್ಲಿ ನಿಜವಾಗಿ ಹೆಚ್ಚು ಕೈಗಳಿದ್ದರೆ ಅಷ್ಟು ಜನ ಹೋದ ಮೇಲೂ ಬಿತ್ತನೆ ಕಡಿಮೆ ಆಗಬಾರದು, ಅಲ್ವಾ?

ಹೋಲಿಕೆಗೆ ಶುಲ್ಜ್ 1916-17 ಮತ್ತು 1919-20ನ್ನು ಆರಿಸಿಕೊಂಡರು. ಎರಡೂ ಮಳೆ ಚೆನ್ನಾಗಿದ್ದ ವರ್ಷ. ನಡುವಿನ 1918-19ರಲ್ಲಿ ಮಳೆಯೇ ಕೈಕೊಟ್ಟಿದ್ದರಿಂದ ಅದನ್ನು ತೆಗೆದುಕೊಳ್ಳುವಂತಿರಲಿಲ್ಲ. ಅವರ ಲೆಕ್ಕದಲ್ಲಿ ಹೊಲದ ದುಡಿಮೆಗಾರರು ಸುಮಾರು ಶೇ 8ರಷ್ಟು ಕಡಿಮೆಯಾಗಿದ್ದರು. ಬಿತ್ತಿದ ಭೂಮಿ ಶೇ 3.8ರಷ್ಟು ಕಡಿಮೆಯಾಗಿತ್ತು. ಹೋದವರ ಕೊಡುಗೆ ಸೊನ್ನೆ ಆಗಿರಲಿಲ್ಲ ಎಂದು 1964ರ ತಮ್ಮ ಪುಸ್ತಕದಲ್ಲಿ ಅವರು ತೀರ್ಮಾನಿಸಿದರು.

ಇದಕ್ಕೆ ತಿರುಗೇಟು ಕೊಟ್ಟವರು ಅಮರ್ತ್ಯ ಸೇನ್. 1966 ಮತ್ತು 1967ರ ಎರಡು ಲೇಖನಗಳಲ್ಲಿ ಅವರು ಎತ್ತಿದ ಪ್ರಶ್ನೆ ಸರಳ. ಹೆಚ್ಚಾದವರು ಹೊಲ ಬಿಡುವುದೂ ಜ್ವರಕ್ಕೆ ಜನ ಸಾಯುವುದೂ ಒಂದೇನಾ? ಹೆಚ್ಚು ಕೈಗಳಿರುವ ಮನೆ ನೋಡಿ ಅಲ್ಲಿಂದ ಒಬ್ಬೊಬ್ಬರನ್ನೇ ಜ್ವರ ಕರೆದೊಯ್ಯುವುದಿಲ್ಲ. ಒಂದು ಮನೆಯಲ್ಲಿ ಯಾರಿಗೂ ಏನೂ ಆಗಿರುವುದಿಲ್ಲ, ಪಕ್ಕದ ಮನೆಯಲ್ಲಿ ದುಡಿಯುವವರೇ ಉಳಿದಿರುವುದಿಲ್ಲ. ಆ ಎರಡನೇ ಮನೆಯ ಹೊಲ ಬೀಳು ಬೀಳುತ್ತದೆ. ಮೊದಲ ಮನೆಯಲ್ಲಿ ಬಿಡುವಾಗಿರುವ ಕೈಗಳಿದ್ದರೂ ಆ ಭೂಮಿ ಅವರ ಕೈಗೆ ಬರುವಷ್ಟರಲ್ಲಿ ಹಂಗಾಮು ದಾಟಿರುತ್ತದೆ. ಒಟ್ಟು ಬಿತ್ತನೆ ಇಳಿಯುತ್ತದೆ, ಆದರೆ ಅದರಿಂದ ಹೆಚ್ಚು ಕೈ ಇರಲಿಲ್ಲ ಅಂತ ಸಾಬೀತಾಗುವುದಿಲ್ಲ.

ಸೇನ್ ಮಾಡಿದ ದೊಡ್ಡ ಕೆಲಸ ಇನ್ನೊಂದು. ಒಬ್ಬ ದುಡಿಯುವವನು ಬೇರೆ, ಒಂದು ಗಂಟೆಯ ದುಡಿಮೆ ಬೇರೆ ಎಂದು ಅವರು ಬಿಡಿಸಿಟ್ಟರು. ನಮ್ಮ ಹೊಲದಲ್ಲಿ ಒಬ್ಬ ಮನುಷ್ಯ ಹೋದಾಗ ಫಸಲು ಇಳಿಯಲಿಲ್ಲ. ಆದರೆ ಉಳಿದವರು ಹಳೇ ಆರು ಗಂಟೆಗೇ ಮನೆಗೆ ಬಂದಿದ್ದರೆ? ದುಡಿಮೆ 24 ಗಂಟೆಗೆ ಇಳಿಯುತ್ತಿತ್ತು, ಕಳೆ ಉಳಿಯುತ್ತಿತ್ತು, 40 ಮೂಟೆ 36 ಆಗಬಹುದಿತ್ತು. ಅಂದರೆ ಆ ಹುಡುಗ ಕಿತ್ತ ಕಳೆ ವ್ಯರ್ಥ ಆಗಿರಲಿಲ್ಲ. ಅವನು ಮಾಡುತ್ತಿದ್ದುದನ್ನು ಮನೆಯ ಇತರರೂ ಮಾಡಬಹುದಿತ್ತು, ಅಷ್ಟೇ. "ಹೆಚ್ಚು ಕೈ ಅಂದರೆ ದಂಡದ ದುಡಿಮೆ" ಅನ್ನುವವರು ಎಡವುವುದು ಇಲ್ಲೇ.

ಇದಕ್ಕೂ ಮಿತಿ ಇದೆ. ಉಳಿದವರು ಆ ಒಂದೂವರೆ ಗಂಟೆಯನ್ನು ಅಷ್ಟೇನೂ ಭಾರ ಅನ್ನಿಸದೆ ದುಡಿಯುವಂತಿರಬೇಕು. ಅಪ್ಪನಿಗೆ ವಯಸ್ಸಾಗಿದ್ದರೆ, ಸೊಸೆಗೆ ಅಡುಗೆ, ನೀರು, ಮಗು ಅಂತ ಆಗಲೇ ಕೈತುಂಬಾ ಕೆಲಸ ಇದ್ದರೆ, ಕಾಗದದ ಮೇಲಿನ ಆ ಗಂಟೆಗಳು ಹೊಲಕ್ಕೆ ಸಿಗುವುದಿಲ್ಲ. ಇಬ್ಬರು ಹೋದರೆ ಉಳಿದ ಮೂವರಿಗೆ ತಲಾ 10 ಗಂಟೆ ಬೀಳುತ್ತದೆ. ಆಗ ಫಸಲು ಬೀಳುವುದು ಬಹುತೇಕ ಖಚಿತ.

ಹಂಗಾಮಿನ ವಿಷಯ ಬೇರೆ. ಕಳೆ ತೆಗೆಯುವಾಗ ನಾಲ್ವರು ಸಾಕಾದ ಹೊಲಕ್ಕೆ ಕೊಯ್ಲಿನಲ್ಲಿ ಐವರೂ ಸಾಲದೆ ಹೋಗಬಹುದು. ಮಾಗಿದ ಕಾಳು ಕಾಯುವುದಿಲ್ಲ. ಹಾಗಾಗಿ ಒಂದು ಕುಟುಂಬದಲ್ಲಿ ನಿಜಕ್ಕೂ ಹೆಚ್ಚು ಕೈಗಳಿವೆಯೇ ಅಂತ ತಿಳಿಯಬೇಕಿದ್ದರೆ ಕೊಯ್ಲಿನ ವಾರ ನೋಡಬೇಕು. ಆಗ ಹೊರಗಿನಿಂದ ಕೂಲಿ ಕರೆಸುತ್ತಿದ್ದರೆ ಅಲ್ಲಿ ವರ್ಷಪೂರ್ತಿ ಹೆಚ್ಚಾಗಿರುವವರು ಯಾರೂ ಇಲ್ಲ, ಬಿಡುವಿನ ತಿಂಗಳಲ್ಲಿ ಕೆಲಸ ಇಲ್ಲದವರು ಮಾತ್ರ ಇದ್ದಾರೆ. ಇವರಿಗೆ ಬೇಕಿರುವುದು ಆ ತಿಂಗಳುಗಳಿಗೆ ಮಾತ್ರ ಕೆಲಸ. ಆ ಮನೆಯ ಮಗನಿಗೆ ವರ್ಷವಿಡೀ ಇರುವ ಕಾರ್ಖಾನೆ ಕೆಲಸ ಸಿಕ್ಕಿತು ಅಂದರೆ, ಕೊಯ್ಲಿಗೆ ಅವನ ಜಾಗದಲ್ಲಿ ಕೂಲಿ ಕೊಟ್ಟು ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ.

1979ರ ಅರ್ಥಶಾಸ್ತ್ರದ ನೊಬೆಲ್ ಬಹುಮಾನವನ್ನು ಲೂಯಿಸ್ ಮತ್ತು ಶುಲ್ಜ್ ಹಂಚಿಕೊಂಡರು. ಸೊನ್ನೆಯ ಜಗಳ ಆಗಲೂ ಪೂರ್ತಿ ಬಗೆಹರಿದಿರಲಿಲ್ಲ.